ತೂಬು ತೆಗೆದು ನೋಡುವುದು

ಮಿರ್ಲೆ ಕಡೆ ಮುಂಗಾರಿನ ಗಾಳಿ ಎದ್ದರೆ ಮೊದಲು ಹೋಗುವುದು ಕರೆಂಟು. ಹೋದ ಕೂಡಲೇ ಪಡಸಾಲೆ ಮೂಲೆಯ ಯುಪಿಎಸ್ ಟಕ್ ಎಂದು ಸದ್ದು ಮಾಡಿ ದೀಪ ಹತ್ತಿಸುತ್ತದೆ. ಅದರ ಹಸಿರು ದೀಪ ಬೆಳಗಿನಿಂದ ‘ಬ್ಯಾಟರಿ ಫುಲ್’ ಎಂದೇ ಹೇಳುತ್ತಿತ್ತು. ಹೊಸದಾಗಿ ತಂದಾಗ ಅದು ಎರಡು ದೀಪ, ಒಂದು ಫ್ಯಾನನ್ನು ರಾತ್ರಿಯಿಡೀ ನಡೆಸಿತ್ತು. ನಾಲ್ಕು ವರ್ಷವಾದ ಮೇಲೆ ಅದೇ ಹಸಿರು ದೀಪ, ಅದೇ ‘ಫುಲ್’, ಆದರೆ ಹತ್ತು ನಿಮಿಷಕ್ಕೆ ಕುಯ್ ಕುಯ್ ಎಂದು ಅರಚಿ ಮನೆಯನ್ನು ಕತ್ತಲಿಗೆ ಬಿಡುತ್ತದೆ. ಯುಪಿಎಸ್ ಇಟ್ಟುಕೊಂಡ ಎಲ್ಲರಿಗೂ ಈ ಅನುಭವ ಗೊತ್ತು. ಆದರೆ ಹತ್ತು ನಿಮಿಷಕ್ಕೆ ಮುಗಿಯುವ ಬ್ಯಾಟರಿಯನ್ನು ಆ ದೀಪ ಫುಲ್ ಎಂದದ್ದು ಹೇಗೆ? ದೀಪ ಸುಳ್ಳು ಹೇಳಿತೇ?

ಇಲ್ಲ, ದೀಪ ನಿಜವನ್ನೇ ಹೇಳಿತು. ಊರ ಕೆರೆಯನ್ನು ನೆನೆಯಿರಿ. ಹೂಳು ತುಂಬಿದ ಕೆರೆಯೂ ಮಳೆಗಾಲದಲ್ಲಿ ಕೋಡಿ ಬೀಳುತ್ತದೆ. ಹೂಳಿಲ್ಲದ ಕೆರೆಗಿಂತ ಬೇಗನೇ ಬೀಳುತ್ತದೆ. ಕೋಡಿಯ ಮೇಲೆ ನಿಂತು ನೋಡುವವನಿಗೆ ಎರಡೂ ತುಂಬಿದ ಕೆರೆಗಳೇ, ನೀರಿನ ಮಟ್ಟ ಎರಡರಲ್ಲೂ ಒಂದೇ. ವ್ಯತ್ಯಾಸ ತಿಳಿಯುವುದು ತೂಬು ತೆಗೆದು ಗದ್ದೆಗೆ ನೀರು ಬಿಟ್ಟಾಗ: ಒಂದು ಇಡೀ ಬೆಳೆಗೆ ನೀರು ಕೊಟ್ಟರೆ ಇನ್ನೊಂದು ಅರ್ಧ ಬೆಳೆಗೇ ತಳ ತೋರಿಸುತ್ತದೆ. ಬ್ಯಾಟರಿಯ ವೋಲ್ಟೇಜ್ ಎಂದರೆ ನೀರಿನ ಮಟ್ಟ, ಹಸಿರು ದೀಪ ನೋಡುವುದು ಅದನ್ನು. ಸೀಸ ಮತ್ತು ಆಮ್ಲದ ಬ್ಯಾಟರಿಯಲ್ಲಿ ತಗಡುಗಳ ಮೇಲೆ ಸೀಸದ ಸಲ್ಫೇಟು ಗಟ್ಟಿ ಹರಳಾಗಿ ಕೂರುತ್ತಾ ಹೋಗುತ್ತದೆ. ಮತ್ತೆ ಕರಗಿ ಕೆಲಸಕ್ಕೆ ಬಾರದ ಆ ಹರಳೇ ಹೂಳು. ಮಟ್ಟ ಹಾಗೇ ಇರುತ್ತದೆ, ಪಾತ್ರ ಚಿಕ್ಕದಾಗುತ್ತದೆ.

ಮನೆಯಲ್ಲಾದರೆ ಮೇಣದಬತ್ತಿ ಹಚ್ಚಿ ಸುಮ್ಮನಾಗಬಹುದು. ಆಸ್ಪತ್ರೆಯ ವೆಂಟಿಲೇಟರಿನೊಳಗೂ ಹೀಗೆ ಹೂಳು ತುಂಬುವ ಬ್ಯಾಟರಿಯೊಂದಿದೆ. ಅದರ ಜೊತೆಗೆ ಅದೇ ಬಗೆಯಲ್ಲಿ ಸವೆಯುವ ಇನ್ನೂ ಕೆಲವು ಭಾಗಗಳಿವೆ. ಅವುಗಳ ಸವಕಳಿಯನ್ನು ಹಿಡಿಯಲು ಆಸ್ಪತ್ರೆ ಇಟ್ಟುಕೊಳ್ಳುವ ಪುಸ್ತಕವೇ ಮುಂಜಾಗ್ರತಾ ನಿರ್ವಹಣೆಯ ಲಾಗ್ ಬುಕ್. ಆ ಪುಸ್ತಕದಲ್ಲಿ ‘ಓಕೆ’ ಎಂದು ಬರೆಯುವುದಕ್ಕೂ ‘131 ನಿಮಿಷ’ ಎಂದು ಬರೆಯುವುದಕ್ಕೂ ಇರುವ ಅಂತರವೇ ಈ ಅಧ್ಯಾಯದ ವಿಷಯ.

ಯಾರಿಗಾಗಿ ಈ ಯಂತ್ರ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆಯ ಕಡೆಯಿಂದ ವೆಂಟಿಲೇಟರ್ ಬೇಕಾಗಿ ಬರುವ ರೋಗಿಗಳಲ್ಲಿ ಎರಡು ಬಗೆಯವರು ಹೊಲದಿಂದಲೇ ಬಂದವರು. ಒಬ್ಬರು ಕಟ್ಟುಹಾವು ಅಥವಾ ನಾಗರಹಾವು ಕಚ್ಚಿಸಿಕೊಂಡವರು. ಈ ವಿಷ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ: ಮೊದಲು ರೆಪ್ಪೆ ಇಳಿಬೀಳುತ್ತದೆ, ಆಮೇಲೆ ಮಾತು ತೊದಲುತ್ತದೆ, ಕೊನೆಗೆ ಉಸಿರೆಳೆಯುವ ಸ್ನಾಯುಗಳು ಸೋಲುತ್ತವೆ. ಹೃದಯ, ಮಿದುಳು ಚೆನ್ನಾಗಿಯೇ ಇರುತ್ತವೆ. ಸ್ನಾಯು ಮತ್ತೆ ಎಚ್ಚೆತ್ತುಕೊಳ್ಳುವವರೆಗೆ, ಕೆಲವೊಮ್ಮೆ ಹಲವು ದಿನ, ಯಾರಾದರೂ ಅವರ ಪರವಾಗಿ ಉಸಿರಾಡಬೇಕು. ಇನ್ನೊಬ್ಬರು ಕೀಟನಾಶಕ ಒಳಹೊಕ್ಕವರು. ಇವರಿಗೆ ವೆಂಟಿಲೇಟರ್ ಜೊತೆಗೆ ಅಟ್ರೋಪಿನ್ ಔಷಧಿಯನ್ನು ಗಂಟೆಗೆ ಇಷ್ಟೇ ಮಿಲಿಲೀಟರ್ ಎಂದು ಒಂದೇ ಸಮ ಕೊಡಬೇಕಾಗುತ್ತದೆ. ಆ ಕೆಲಸಕ್ಕೆ ಇನ್‌ಫ್ಯೂಷನ್ ಪಂಪು. ಎರಡು ಕಡೆಯೂ ಯಂತ್ರ ಕೆಲವೇ ದಿನ ತಡವರಿಸದೆ ನಡೆದರೆ ಮನುಷ್ಯ ಎದ್ದು ಮನೆಗೆ ನಡೆದುಕೊಂಡು ಹೋಗಬಲ್ಲ.

ನಡೆಯುತ್ತಿದೆ ಎಂಬ ಲೆಕ್ಕ

ಕೇಂದ್ರ ಆರೋಗ್ಯ ಸಚಿವಾಲಯ ದೇಶದ ಸರ್ಕಾರಿ ಆಸ್ಪತ್ರೆಗಳ ಉಪಕರಣಗಳನ್ನು ಎಣಿಸಿದಾಗ 29,115 ಆರೋಗ್ಯ ಕೇಂದ್ರಗಳಲ್ಲಿ 7,56,750 ಉಪಕರಣಗಳು ಸಿಕ್ಕವು. ರಾಜ್ಯದಿಂದ ರಾಜ್ಯಕ್ಕೆ ನೋಡಿದರೆ ಅವುಗಳಲ್ಲಿ ಶೇಕಡ 13ರಿಂದ 34ರಷ್ಟು ಕೆಟ್ಟು ನಿಂತಿದ್ದವು. ಈ ಹಿನ್ನೆಲೆಯಲ್ಲಿ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಜೈವಿಕ ವೈದ್ಯಕೀಯ ಉಪಕರಣಗಳ ನಿರ್ವಹಣಾ ಕಾರ್ಯಕ್ರಮ ಶುರುವಾಯಿತು. ಜಿಲ್ಲಾ ಆಸ್ಪತ್ರೆಯ ಉಪಕರಣ ವರ್ಷದಲ್ಲಿ ಶೇಕಡ 95ರಷ್ಟು ಕಾಲ ಕೆಲಸಕ್ಕೆ ಸಿಗಬೇಕು, ಸಮುದಾಯ ಆರೋಗ್ಯ ಕೇಂದ್ರದಲ್ಲಿ 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ 80 ಎಂಬುದು ಅದರ ಗುರಿ. ಶೇಕಡ 95 ಎಂದರೆ ವರ್ಷದಲ್ಲಿ ಹದಿನೆಂಟು ದಿನದಷ್ಟು ಮಾತ್ರ ಯಂತ್ರ ನಿಲ್ಲಬಹುದು. ಮೂಲೆ ಸೇರಿ ಧೂಳು ಹಿಡಿಯುತ್ತಿದ್ದ ಯಂತ್ರಗಳನ್ನು ಎಬ್ಬಿಸಲು ಈ ಲೆಕ್ಕ ತಕ್ಕದ್ದೇ.

ಆದರೆ ಈ ಲೆಕ್ಕಕ್ಕೊಂದು ಕುರುಡಿದೆ. ಅದು ಎಣಿಸುವುದು ‘ಕೆಟ್ಟಿದೆ’ ಎಂದು ಯಾರಾದರೂ ದೂರು ಕೊಟ್ಟ ದಿನದಿಂದ ‘ರಿಪೇರಿ ಆಯಿತು’ ಎಂದ ದಿನದವರೆಗಿನ ಕಾಲವನ್ನು. ಗೋಡೆಯ ಕರೆಂಟಿನಲ್ಲಿ ಸೊಗಸಾಗಿ ನಡೆಯುತ್ತಿರುವ, ಆದರೆ ಒಳಗಿನ ಬ್ಯಾಟರಿ ಎಂಟೇ ನಿಮಿಷಕ್ಕೆ ಬರುವ ವೆಂಟಿಲೇಟರನ್ನು ಈ ಲೆಕ್ಕ ನೂರಕ್ಕೆ ನೂರು ಸರಿಯಿರುವ ಯಂತ್ರ ಎಂದೇ ಬರೆದುಕೊಳ್ಳುತ್ತದೆ. ಯಾರೂ ದೂರು ಕೊಟ್ಟಿಲ್ಲ, ಕೊಡಲು ಕಾರಣವೂ ಕಂಡಿಲ್ಲ. ಇಂಥದ್ದನ್ನು ಅಡಗಿದ ದೋಷ ಎನ್ನೋಣ. ಚಕ್ರ ಪಂಕ್ಚರ್ ಆದರೆ ಗಾಡಿ ಕೂಡಲೇ ತಿಳಿಸುತ್ತದೆ. ಡಿಕ್ಕಿಯಲ್ಲಿರುವ ಸ್ಟೆಪ್ನಿಯ ಗಾಳಿ ಹೋಗಿದ್ದರೆ ಯಾರಿಗೂ ತಿಳಿಯುವುದಿಲ್ಲ, ರಾತ್ರಿ ದಾರಿಯಲ್ಲಿ ನಿಲ್ಲುವವರೆಗೆ. ವೆಂಟಿಲೇಟರಿನಲ್ಲೂ ಪಂಪಿನಲ್ಲೂ ಸ್ಟೆಪ್ನಿಯಂಥ ಭಾಗಗಳೇ ಹೆಚ್ಚು: ಬ್ಯಾಟರಿ, ಎಚ್ಚರಿಕೆಯ ಗಂಟೆಗಳು, ಒತ್ತಡ ಮಿತಿಮೀರದಂತೆ ಕಾಯುವ ಕವಾಟ. ಇವುಗಳಿಗೆ ದಿನನಿತ್ಯ ಕೆಲಸವಿಲ್ಲ. ಕೆಲಸ ಬೀಳುವ ಗಳಿಗೆಯಲ್ಲಿ ಇವು ಕೈಕೊಟ್ಟರೆ ದುರಸ್ತಿಗೆ ಹೊತ್ತೂ ಇರುವುದಿಲ್ಲ.

ಒಂದು ಬ್ಯಾಟರಿಯ ಪುಟ

ಬ್ಯಾಟರಿಯ ತೂಬು ತೆಗೆದು ನೋಡುವ ಕ್ರಮ ಸರಳ. ರೋಗಿಯಿಲ್ಲದ ಯಂತ್ರಕ್ಕೆ ಕೃತಕ ಶ್ವಾಸಕೋಶ, ಎಂದರೆ ಒಂದು ರಬ್ಬರ್ ಚೀಲ, ಸಿಕ್ಕಿಸುತ್ತಾರೆ. ಪೂರ್ತಿ ಚಾರ್ಜು ಆಗಿದೆ ಎಂದು ಖಚಿತ ಮಾಡಿಕೊಂಡು, ಒಂದು ನಿಗದಿಯಾದ ಉಸಿರಿಗೆ ಯಂತ್ರವನ್ನು ಹೊಂದಿಸುತ್ತಾರೆ: ಪ್ರತಿ ಉಸಿರಿಗೆ 500 ಮಿಲಿಲೀಟರ್, ನಿಮಿಷಕ್ಕೆ 15 ಉಸಿರು ಎನ್ನೋಣ. ಆಮೇಲೆ ಗೋಡೆಯ ಪ್ಲಗ್ ಕಿತ್ತು ಗಡಿಯಾರ ನೋಡುತ್ತಾರೆ. ‘ಬ್ಯಾಟರಿ ಕಡಿಮೆ’ ಎಂಬ ಗಂಟೆ ಹೊಡೆದ ನಿಮಿಷವನ್ನು ಬರೆದುಕೊಂಡು ಪ್ಲಗ್ ಮತ್ತೆ ಹಾಕುತ್ತಾರೆ. ಪೂರ್ತಿ ಬರಿದಾಗುವವರೆಗೆ ಬಿಡಬಾರದು, ಬಿಟ್ಟರೆ ಪರೀಕ್ಷೆಯೇ ಹೂಳು ತುಂಬಿಸುತ್ತದೆ. ಪ್ರತಿ ಸಲವೂ ಉಸಿರಿನ ಹೊಂದಿಕೆ ಅದೇ ಇರಬೇಕು. ಒಮ್ಮೆ ಎರಡು ಎಕರೆಗೆ, ಇನ್ನೊಮ್ಮೆ ಹತ್ತು ಎಕರೆಗೆ ನೀರು ಬಿಟ್ಟು ಎಷ್ಟು ದಿನ ಬಂತು ಎಂದು ಹೋಲಿಸಿದರೆ ಕೆರೆಯ ಬಗ್ಗೆ ಏನೂ ತಿಳಿಯುವುದಿಲ್ಲ.

ಈಗ ಒಂದು ಯಂತ್ರದ ಪುಟವನ್ನು ಕಲ್ಪಿಸಿಕೊಳ್ಳೋಣ. ಆರು ತಿಂಗಳಿಗೊಮ್ಮೆ ಪರೀಕ್ಷೆ. ಮೊದಲ ಸಲ 182 ನಿಮಿಷ. ಆಮೇಲೆ 176, 171, 158, 131, ಕೊನೆಗೆ 84. ಈ ಆಸ್ಪತ್ರೆ ‘120 ನಿಮಿಷಕ್ಕಿಂತ ಕಡಿಮೆಯಾದರೆ ಬ್ಯಾಟರಿ ಬದಲಿಸಬೇಕು’ ಎಂದು ಗೆರೆ ಎಳೆದುಕೊಂಡಿದೆ. ಕೆ.ಆರ್. ನಗರದಿಂದ ಮೈಸೂರಿಗೆ ರೋಗಿಯನ್ನು ಸಾಗಿಸಲು ಹತ್ತಿರಹತ್ತಿರ ಒಂದು ಗಂಟೆ, ದಾರಿಯ ಅಡಚಣೆಗೆ ಇನ್ನೊಂದು ಗಂಟೆ ಎಂಬುದು ಅದರ ಲೆಕ್ಕ. ‘ಓಕೆ’ ಎಂದು ಮಾತ್ರ ಬರೆಯುವ ಪುಸ್ತಕದಲ್ಲಿ ಮೊದಲ ಐದೂ ಪರೀಕ್ಷೆಗಳು ಓಕೆ, ಆರನೆಯದು ಫೇಲು. ಐದನೆಯ ಪರೀಕ್ಷೆಯ ಮರುದಿನದಿಂದ ಆರನೆಯದರವರೆಗೆ, ಆರು ತಿಂಗಳ ಉದ್ದಕ್ಕೆ, ಯಂತ್ರ ಯಾವಾಗ ಗೆರೆ ದಾಟಿತು ಎಂಬುದು ಯಾರಿಗೂ ಗೊತ್ತಿಲ್ಲ. ಅಂಕಿ ಬರೆದ ಪುಸ್ತಕ ತೆರೆದವನು ಬೇರೆಯದನ್ನು ಕಾಣುತ್ತಾನೆ. ಪ್ರತಿ ಸಲದ ಇಳಿಕೆ 6, 5, 13, 27: ಮೂರನೆಯ ಪರೀಕ್ಷೆಯ ಆಚೆ ಇಳಿಜಾರು ಕಡಿದಾಗುತ್ತಿದೆ, ಒಂದೊಂದು ಸಲಕ್ಕೂ ದುಪ್ಪಟ್ಟಾಗುತ್ತಿದೆ. ಐದನೆಯ ಪರೀಕ್ಷೆಯಲ್ಲಿ 131 ಎಂದು ಬರೆದ ದಿನವೇ, ಗೆರೆಗಿಂತ ಇನ್ನೂ 11 ನಿಮಿಷ ಮೇಲಿರುವಾಗಲೇ, ಮುಂದಿನ ಸಲಕ್ಕೆ ಇದು ಉಳಿಯುವುದಿಲ್ಲ ಎಂದು ಅವನು ಹೇಳಬಲ್ಲ. ಬ್ಯಾಟರಿಗೆ ಇಂಡೆಂಟ್ ಹಾಕಬೇಕಾದ್ದು ಆ ದಿನ. ಖರೀದಿಗೆ ಎರಡು ಮೂರು ತಿಂಗಳು ಹಿಡಿಯುವ ಸರ್ಕಾರಿ ವ್ಯವಸ್ಥೆಯಲ್ಲಿ ಆ ದಿನ ಮೊದಲೇ ಗೊತ್ತಾಗುವುದಕ್ಕೆ ಬೆಲೆಯಿದೆ.

ಹೂಳು ಏಕೆ ಕೊನೆಕೊನೆಗೆ ವೇಗವಾಗಿ ತುಂಬುತ್ತದೆ? ಪಾತ್ರ ಚಿಕ್ಕದಾದಂತೆ, ಕರೆಂಟು ಹೋದ ಪ್ರತಿ ಸಲವೂ ಬ್ಯಾಟರಿ ಮೊದಲಿಗಿಂತ ಹೆಚ್ಚು ಆಳಕ್ಕೆ ಬರಿದಾಗುತ್ತದೆ. ಆಳಕ್ಕೆ ಬರಿದಾದಷ್ಟೂ ಹರಳು ಹೆಚ್ಚು ಗಟ್ಟಿಯಾಗುತ್ತದೆ. ಬಿಸಿಲೂ ಸೇರಿಕೊಳ್ಳುತ್ತದೆ. 25 ಡಿಗ್ರಿಯ ಮೇಲೆ ಪ್ರತಿ 10 ಡಿಗ್ರಿ ಏರಿಕೆಗೆ ಸೀಸದ ಬ್ಯಾಟರಿಯ ಆಯಸ್ಸು ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ ಎಂಬುದು ಈ ಕಸುಬಿನ ಒರಟು ಲೆಕ್ಕ. ಎಸಿ ಕೆಟ್ಟ ಐಸಿಯುವಿನಲ್ಲಿ ರೋಗಿಗಷ್ಟೇ ಸೆಕೆಯಲ್ಲ. ಈಚಿನ ಹಲವು ಯಂತ್ರಗಳಲ್ಲಿ ಲಿಥಿಯಂ ಬ್ಯಾಟರಿ ಇರುತ್ತದೆ, ಅದರೊಳಗಿನ ರಸಾಯನ ಬೇರೆ. ಆದರೆ ಪಾತ್ರ ಕುಗ್ಗುವುದು ಅದಕ್ಕೂ ತಪ್ಪಿಲ್ಲ, ಅಳೆಯುವ ಬಗೆಯೂ ಇದೇ.

2022ರ ಸೆಪ್ಟೆಂಬರ್ 14ರಂದು ಬಳ್ಳಾರಿಯ ವಿಮ್ಸ್ ಆಸ್ಪತ್ರೆಯಲ್ಲಿ ವಿದ್ಯುತ್ ವ್ಯತ್ಯಯವಾದ ಹೊತ್ತಿನಲ್ಲಿ ಐಸಿಯುವಿನ ರೋಗಿಗಳು ತೀರಿಕೊಂಡರು. ಕರೆಂಟು ಹೋಗಿ ವೆಂಟಿಲೇಟರ್ ನಿಂತದ್ದೇ ಕಾರಣ ಎಂದು ಕುಟುಂಬದವರು ದೂರಿದರು, ಆಸ್ಪತ್ರೆಯ ಆಡಳಿತ ಅದನ್ನು ನಿರಾಕರಿಸಿತು, ಸರ್ಕಾರ ತನಿಖೆಗೆ ಸಮಿತಿ ಮಾಡಿತು. ಯಾರ ಮಾತು ಸರಿ ಎಂದು ತೀರ್ಮಾನಿಸುವುದು ಇಲ್ಲಿನ ಕೆಲಸವಲ್ಲ. ಆದರೆ ಎಲ್ಲಿಯೇ ಇಂಥ ವಿವಾದ ಎದ್ದರೂ ಅದು ಒಂದು ಪ್ರಶ್ನೆಯ ಸುತ್ತ ಸುತ್ತುತ್ತದೆ: ಹಾಸಿಗೆಯ ಪಕ್ಕದಲ್ಲಿದ್ದ ಆ ಯಂತ್ರದ ಬ್ಯಾಟರಿ ಅಂದು ಎಷ್ಟು ನಿಮಿಷ ಎಳೆಯಬಲ್ಲದಾಗಿತ್ತು? ‘ಬ್ಯಾಟರಿ ಬ್ಯಾಕಪ್ ಇದೆ’ ಎಂಬುದು ಅದಕ್ಕೆ ಉತ್ತರವಲ್ಲ. ಹಿಂದಿನ ತಿಂಗಳುಗಳಲ್ಲಿ ಅಳೆದು ಬರೆದ ನಿಮಿಷಗಳು ಮಾತ್ರ ಉತ್ತರ.

ಬೀಗ ಹಾಕಿದ ಕೋಣೆಯಲ್ಲಿ ಮುದಿಯಾಗುವ ಕೋಶ

ವೆಂಟಿಲೇಟರಿನೊಳಗೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದಾದ ಒಂದು ಡಬ್ಬಿಯಿರುತ್ತದೆ, ಆಮ್ಲಜನಕ ಕೋಶ. ರೋಗಿಗೆ ಹೋಗುವ ಗಾಳಿಯಲ್ಲಿ ಶೇಕಡ ಎಷ್ಟು ಆಮ್ಲಜನಕವಿದೆ ಎಂದು ಪರದೆಯ ಮೇಲೆ ಬರುವುದು ಇದರಿಂದ. ಹಲವು ಯಂತ್ರಗಳಲ್ಲಿ ಬಳಕೆಯಲ್ಲಿರುವ ಬಗೆಯಲ್ಲಿ ಇದೂ ಒಂದು ಪುಟ್ಟ ಬ್ಯಾಟರಿಯೇ: ಆಮ್ಲಜನಕ ಒಳಬಂದು ಸೀಸವನ್ನು ತಿನ್ನುತ್ತದೆ, ತಿಂದಷ್ಟು ವಿದ್ಯುತ್ತು ಹೊರಬರುತ್ತದೆ, ಆ ವಿದ್ಯುತ್ತನ್ನು ಯಂತ್ರ ಶೇಕಡಾವಾರಿಗೆ ತಿರುಗಿಸಿಕೊಳ್ಳುತ್ತದೆ. ಸೀಸ ಮುಗಿದರೆ ಕೋಶ ಮುಗಿಯಿತು. ಆದ್ದರಿಂದ ತಯಾರಕರು ಇದರ ಆಯಸ್ಸನ್ನು ವರ್ಷದಲ್ಲಿ ಹೇಳುವುದಕ್ಕಿಂತ ‘ಶೇಕಡಾ ಗಂಟೆ’ಗಳಲ್ಲಿ ಹೇಳುತ್ತಾರೆ. ಹತ್ತು ಲಕ್ಷ ಶೇಕಡಾ ಗಂಟೆಯ ಕೋಶ ಎನ್ನೋಣ. ಶೇಕಡ 100 ಆಮ್ಲಜನಕದಲ್ಲಿಟ್ಟರೆ ಅದು 10,000 ಗಂಟೆ ಬರುತ್ತದೆ, ವರ್ಷಕ್ಕಿಂತ ಸ್ವಲ್ಪ ಹೆಚ್ಚು. ಬರೀ ಗಾಳಿಯಲ್ಲಿ, ಎಂದರೆ ಶೇಕಡ 21ರಲ್ಲಿ, ಸುಮಾರು 47,600 ಗಂಟೆ, ಐದು ವರ್ಷದ ಮೇಲೆ.

ಇಲ್ಲಿ ಗಮನಿಸಬೇಕಾದ್ದು ಎರಡನೆಯ ಲೆಕ್ಕ. ಯಂತ್ರ ಆಫ್ ಆಗಿದ್ದರೂ ಗಾಳಿಯಲ್ಲಿ ಆಮ್ಲಜನಕವಿದೆ, ಕೋಶ ಸವೆಯುತ್ತಲೇ ಇರುತ್ತದೆ. 2020ರಲ್ಲಿ ಪಿಎಂ ಕೇರ್ಸ್ ನಿಧಿಯಿಂದ 2,000 ಕೋಟಿ ರೂಪಾಯಿಯಲ್ಲಿ 50,000 ವೆಂಟಿಲೇಟರುಗಳನ್ನು ಕೊಳ್ಳಲು ತೀರ್ಮಾನವಾಯಿತು. ಅದರಲ್ಲಿ 30,000 ಯಂತ್ರಗಳ ವಿನ್ಯಾಸ ಮೈಸೂರಿನ ಸ್ಕ್ಯಾನ್‌ರೇ ಸಂಸ್ಥೆಯದು, ಸಿವಿ-200 ಎಂಬ ಮಾದರಿ. ತಯಾರಿಸಿದ್ದು ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್, ಬಿಇಎಲ್. ದೇಶದ ಜಿಲ್ಲಾ ಆಸ್ಪತ್ರೆಗಳಿಗೆ ಹೀಗೆ ಒಂದೇ ವರ್ಷದಲ್ಲಿ ಒಂದೇ ವಯಸ್ಸಿನ ಯಂತ್ರಗಳ ದೊಡ್ಡ ಹಿಂಡು ಬಂದಿಳಿಯಿತು. ಹಿಂಡು ಒಟ್ಟಿಗೆ ಹುಟ್ಟಿದ್ದರಿಂದ ಬ್ಯಾಟರಿ, ಕೋಶ, ಫಿಲ್ಟರುಗಳು ಮುದಿಯಾಗುವುದೂ ಹೆಚ್ಚುಕಡಿಮೆ ಒಟ್ಟಿಗೆ. ಬಳಸದೆ ಬೀಗ ಹಾಕಿಟ್ಟದ್ದು ಹೊಸದಾಗಿಯೇ ಉಳಿದಿದೆ ಎಂದುಕೊಳ್ಳುವುದು ಯಾವ ಕಂಪನಿಯ ಯಂತ್ರದ ವಿಷಯದಲ್ಲೂ ತಪ್ಪು. ಸುಮ್ಮನಿಟ್ಟ ಬ್ಯಾಟರಿ ತಾನಾಗಿ ಬರಿದಾಗಿ ಹೂಳು ಹಿಡಿಯುತ್ತದೆ, ಕೋಶ ಗಾಳಿ ತಿನ್ನುತ್ತಾ ಕೂತಿರುತ್ತದೆ. ಲಾಗ್ ಬುಕ್ಕಿನಲ್ಲಿ ಯಂತ್ರ ಓಡಿದ ಗಂಟೆಯ ಮೀಟರ್ ಓದಿದರೆ ಸಾಲದು. ಕೋಶವನ್ನು ಹಾಕಿದ ತಾರೀಖೂ ಬೇಕು.

ಈ ಕೋಶ ಸಾಯುವ ರೀತಿಯೂ ವಿಚಿತ್ರ. ಮುದಿಯಾದ ಕೋಶಕ್ಕೆ ಬರೀ ಗಾಳಿ ತೋರಿಸಿದರೆ ಸರಿಯಾಗಿ 21 ಎನ್ನುತ್ತದೆ. ಶೇಕಡ 100 ಆಮ್ಲಜನಕ ಕೊಟ್ಟರೆ 84 ಎಂದು ನಿಲ್ಲಬಹುದು. ಬಾವಿಯನ್ನು ನೆನೆಯಿರಿ. ಸೆಲೆ ಬತ್ತುತ್ತಿರುವ ಬಾವಿಯಿಂದ ಬೆಳಗ್ಗೆ ನಾಲ್ಕು ಕೊಡ ಸೇದಿದರೆ ಏನೂ ಗೊತ್ತಾಗುವುದಿಲ್ಲ. ಮೋಟರಿಟ್ಟು ಎಳೆದಾಗ ಸೆಲೆ ಅಷ್ಟು ವೇಗದಲ್ಲಿ ಊರಲಾರದೆ ಪೈಪು ಗಾಳಿ ಹಿಡಿಯುತ್ತದೆ. ಕೋಶದಲ್ಲೂ ಅಷ್ಟೆ. ಐದು ಪಟ್ಟು ಆಮ್ಲಜನಕ ಬಂದಾಗ ಐದು ಪಟ್ಟು ವಿದ್ಯುತ್ತು ಕೊಡಬೇಕು. ಉಳಿದ ಸೀಸಕ್ಕೆ ಅಷ್ಟು ಕೊಡುವ ಶಕ್ತಿಯಿಲ್ಲ. ವಾರ್ಡಿನ ಗಾಳಿಯಲ್ಲಿ ಮಾತ್ರ ನೋಡಿ ‘ಕೋಶ ಓಕೆ’ ಎಂದು ಬರೆದವನು ನಾಲ್ಕು ಕೊಡ ಸೇದಿದವನು. ಎರಡೂ ತುದಿಯಲ್ಲಿ, 21ರಲ್ಲೂ 100ರಲ್ಲೂ, ಪರದೆ ತೋರಿಸಿದ ಅಂಕಿಯನ್ನು ಬರೆದರೆ ಮಾತ್ರ ಮುಪ್ಪು ಕಾಣುತ್ತದೆ. 99, 97, 93 ಎಂದು ಇಳಿಯುತ್ತಾ ಬಂದ ಪುಟ ಕೋಶದ ಜಾತಕವಿದ್ದಂತೆ.

ಪಂಪಿನಲ್ಲಿ ನಿಧಾನವೇ ಕಷ್ಟ

ಬ್ಯಾಟರಿ, ಕೋಶ ಎರಡರಲ್ಲೂ ಭಾರ ಹಾಕಿದಾಗ ದೋಷ ಹೊರಬಿತ್ತು. ಸಿರಿಂಜ್ ಪಂಪಿನಲ್ಲಿ ಇದು ತಿರುಗಾಮುರುಗ. ಅಲ್ಲಿ ಕಷ್ಟದ ಕೆಲಸ ನಿಧಾನ. ಒಂದು ತಿರುಪು ಮೊಳೆ ಮೆಲ್ಲಮೆಲ್ಲಗೆ ತಿರುಗಿ ಸಿರಿಂಜಿನ ದಂಡವನ್ನು ತಳ್ಳುತ್ತದೆ, ಅಷ್ಟೇ ಪಂಪು. ನಳಿಕೆ ಎಲ್ಲಾದರೂ ಮಡಚಿಕೊಂಡರೆ ಔಷಧಿ ಮುಂದೆ ಹೋಗದೆ ಒತ್ತಡ ಏರುತ್ತದೆ, ನಿಗದಿಯಾದ ಒತ್ತಡ ಮುಟ್ಟಿದಾಗ ‘ತಡೆ’ ಎಂಬ ಗಂಟೆ ಹೊಡೆಯಬೇಕು. ಆದರೆ ನಳಿಕೆಯೂ ಸಿರಿಂಜಿನ ರಬ್ಬರೂ ಸ್ವಲ್ಪ ಹಿಗ್ಗುವಂಥವು. ಗಂಟೆ ಹೊಡೆಯುವ ಒತ್ತಡ ಮುಟ್ಟುವ ಹೊತ್ತಿಗೆ ಅರ್ಧ ಮಿಲಿಲೀಟರ್ ಔಷಧಿ ಆ ಹಿಗ್ಗಿನಲ್ಲಿ ತುಂಬಿಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಗಂಟೆಗೆ 60 ಮಿಲಿಲೀಟರ್ ವೇಗದಲ್ಲಿ ಅರ್ಧ ಮಿಲಿಲೀಟರ್ ತುಂಬಲು ಮೂವತ್ತೇ ಸೆಕೆಂಡು. ಗಂಟೆಗೆ 2 ಮಿಲಿಲೀಟರ್ ವೇಗದಲ್ಲಿ ಹದಿನೈದು ನಿಮಿಷ. ಆ ಹದಿನೈದು ನಿಮಿಷ ರೋಗಿಗೆ ಔಷಧಿ ಇಲ್ಲ, ಪರದೆಯ ಮೇಲೆ ಮಾತ್ರ ಹಸಿರು ಬಾಣ ಓಡುತ್ತಿರುತ್ತದೆ. ಆಮೇಲೆ ನರ್ಸ್ ಬಂದು ಮಡಿಕೆ ಬಿಡಿಸಿದಾಗ ಹಿಗ್ಗಿನಲ್ಲಿ ಕೂತಿದ್ದ ಅರ್ಧ ಮಿಲಿಲೀಟರ್ ಒಮ್ಮೆಗೇ ಒಳನುಗ್ಗುತ್ತದೆ, ಹದಿನೈದು ನಿಮಿಷದ ಔಷಧಿ ಒಂದೇ ಗಳಿಗೆಯಲ್ಲಿ. ರಕ್ತದೊತ್ತಡ ಹಿಡಿದಿಡುವ ಔಷಧಿಯಾದರೆ ಮೊದಲು ಪಾತಾಳ, ಆಮೇಲೆ ಶಿಖರ.

ಒತ್ತಡ ಅಳೆಯುವ ಭಾಗ ವರ್ಷಗಳಲ್ಲಿ ಮಂದವಾದರೆ ಗಂಟೆ ಇನ್ನೂ ತಡವಾಗಿ ಹೊಡೆಯುತ್ತದೆ. ಪರೀಕ್ಷಿಸುವವರಿಗೆ ಹೊತ್ತಿಲ್ಲದಿದ್ದರೆ ಪಂಪನ್ನು 60ಕ್ಕೆ ಇಟ್ಟು, ನಳಿಕೆ ಹಿಸುಕಿ, ಅರ್ಧ ನಿಮಿಷದ ಬದಲು ಮುಕ್ಕಾಲು ನಿಮಿಷಕ್ಕೆ ಗಂಟೆ ಹೊಡೆದರೆ ‘ಗಂಟೆ ಓಕೆ’ ಎಂದು ಬರೆದು ಎದ್ದುಬಿಡುತ್ತಾರೆ. ಅದೇ ಮಂದತನ 2 ಮಿಲಿಲೀಟರ್ ವೇಗದಲ್ಲಿ ಹದಿನೈದು ನಿಮಿಷವನ್ನು ಇಪ್ಪತ್ತೆರಡಕ್ಕೆ ಏರಿಸಿರುತ್ತದೆ. ಆದ್ದರಿಂದ ಆ ಐಸಿಯುವಿನಲ್ಲಿ ನಿಜವಾಗಿ ಬಳಸುವ ನಿಧಾನ ವೇಗದಲ್ಲೇ, ಅಲ್ಲಿ ಬಳಸುವ ಕಂಪನಿಯ ಸಿರಿಂಜಿನಲ್ಲೇ ಪರೀಕ್ಷೆ ನಡೆಸಿ ನಿಮಿಷ ಬರೆಯಬೇಕು. ಸಿರಿಂಜಿನ ಕಂಪನಿಯ ಹೆಸರು ಸಣ್ಣ ವಿಷಯವಲ್ಲ. ಪಂಪಿಗೆ ಗೊತ್ತಿರುವುದು ದಂಡ ಎಷ್ಟು ಮಿಲಿಮೀಟರ್ ಸರಿಯಿತು ಎಂಬುದು ಮಾತ್ರ. ಅದನ್ನು ಮಿಲಿಲೀಟರಿಗೆ ತಿರುಗಿಸಲು ಕೊಳವೆಯ ಅಡ್ಡಳತೆ ಬೇಕು, ಅದು ಕಂಪನಿಯಿಂದ ಕಂಪನಿಗೆ ಬೇರೆ. ಮೆನುವಿನಲ್ಲಿ ಒಂದು ಹೆಸರಿದ್ದು ಕೈಯಲ್ಲಿ ಇನ್ನೊಂದಿದ್ದರೆ ಕೆಡದ ಪಂಪೇ ತಪ್ಪು ಅಳತೆ ಕೊಡುತ್ತದೆ.

ಹರಿವು ಸರಿಯಿದೆಯೇ ಎಂದು ನೋಡಲು ದುಬಾರಿ ಯಂತ್ರ ಇಲ್ಲದಿದ್ದರೂ ದಾರಿಯಿದೆ. ಬಾಟಲಿಯಿಂದ ಡ್ರಿಪ್ ಕೊಡುವ ದೊಡ್ಡ ಪಂಪನ್ನು ಗಂಟೆಗೆ 100 ಮಿಲಿಲೀಟರಿಗೆ ಇಟ್ಟು ಅರ್ಧ ಗಂಟೆ ನೀರು ಹಿಡಿಯಿರಿ. 50 ಮಿಲಿಲೀಟರ್ ಬರಬೇಕು, ತೂಗಿದರೆ 50 ಗ್ರಾಂ. ಇಂಥ ಪಂಪುಗಳಿಗೆ ತಯಾರಕರು ಸಾಮಾನ್ಯವಾಗಿ ಹೇಳುವ ಶೇಕಡ 5ರ ಆಚೀಚೆಯ ಒಳಗೆ, 47.5ರಿಂದ 52.5ರ ನಡುವೆ, ಬಂದರೆ ಸರಿ. ಹಿಂದಿನ ಸಲ 49.6 ಇದ್ದದ್ದು ಈ ಸಲ 47.9 ಆಗಿದ್ದರೆ ‘ಪಾಸು’ ಎಂಬ ಮಾತು ಸಾಲುವುದಿಲ್ಲ.

ಸಿಕ್ಕಂತೆ, ಬಿಟ್ಟಂತೆ

ಅಂಕಿ ಬರೆಯುವವರೂ ಜಾರುವ ಒಂದು ಜಾಗವಿದೆ. ಪರೀಕ್ಷೆಗೆ ಬಂದ ಎಂಜಿನಿಯರ್ ಶೇಕಡ 100 ಆಮ್ಲಜನಕಕ್ಕೆ ವೆಂಟಿಲೇಟರ್ 93 ತೋರಿಸುವುದನ್ನು ಕಾಣುತ್ತಾನೆ, ತಿದ್ದುತ್ತಾನೆ, ಈಗ 100 ತೋರಿಸುತ್ತದೆ, ಪುಸ್ತಕದಲ್ಲಿ 100 ಎಂದು ಬರೆಯುತ್ತಾನೆ. ಸುಳ್ಳಲ್ಲ. ಆದರೆ ಮುಂದಿನ ಸಲವೂ ಹೀಗೇ ಆದರೆ ಪುಟದ ತುಂಬ 100, 100, 100. ಪ್ರತಿ ಸಲ ಎಷ್ಟು ಜಾರಿತ್ತು ಎಂಬ ಗುರುತನ್ನು ತಿದ್ದುಪಡಿ ಅಳಿಸಿಹಾಕಿದೆ. ಕಾಗದದ ಮೇಲೆ ಅತ್ಯಂತ ಆರೋಗ್ಯವಾಗಿ ಕಾಣುವುದು ಅತಿ ಹೆಚ್ಚು ತಿದ್ದಿಸಿಕೊಂಡ ಯಂತ್ರವೇ ಆಗಿರಬಹುದು. ಅದಕ್ಕೇ ಎರಡು ಮನೆ ಬೇಕು: ಕೈ ಹಾಕುವ ಮೊದಲು ‘ಸಿಕ್ಕಂತೆ’, ಕೆಲಸ ಮುಗಿದ ಮೇಲೆ ‘ಬಿಟ್ಟಂತೆ’. ಮೊದಲನೆಯದು ಯಂತ್ರದ ಚರಿತ್ರೆ, ಎರಡನೆಯದು ಮುಂದಿನ ರೋಗಿಗೆ ಕೊಟ್ಟ ಮಾತು. ಬ್ಯಾಟರಿಯ ವಿಷಯದಲ್ಲಿ ಈ ಎರಡನೆಯ ಮನೆ ಖಾಲಿ ಬಿಟ್ಟರೆ ನಿರ್ವಹಣೆಯೇ ಅಪಾಯವಾಗುತ್ತದೆ. ಪರೀಕ್ಷೆಗೆಂದು ಬರಿದು ಮಾಡಿದ ಬ್ಯಾಟರಿ ಮತ್ತೆ ತುಂಬಲು ಹಲವು ಗಂಟೆ ಬೇಕು, ಅಷ್ಟರೊಳಗೆ ಯಂತ್ರ ವಾರ್ಡಿಗೆ ಹೋದರೆ ಹೊಸ ‘ನಿರ್ವಹಣೆ ಮುಗಿದಿದೆ’ ಸ್ಟಿಕರ್ ಅಂಟಿಸಿಕೊಂಡ ಆ ಯಂತ್ರವೇ ಅಂದು ಎಲ್ಲಕ್ಕಿಂತ ದುರ್ಬಲ.

ಎದುರು ಮಾತುಗಳು

ಯಂತ್ರ ಆನ್ ಮಾಡಿದಾಗಲೆಲ್ಲ ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತದಲ್ಲ, ಮತ್ತೇಕೆ ಪುಸ್ತಕ ಎನ್ನಬಹುದು. ಆ ಸ್ವಯಂ ಪರೀಕ್ಷೆ ಬೇಕೇ ಬೇಕು. ಸೋರಿಕೆ, ಕವಾಟ, ಸಂವೇದಕಗಳನ್ನು ಅದು ಒಂದೆರಡು ನಿಮಿಷದಲ್ಲಿ ನೋಡುತ್ತದೆ. ಆದರೆ ಎರಡು ನಿಮಿಷದಲ್ಲಿ ಮೂರು ಗಂಟೆಯ ಬ್ಯಾಟರಿಯನ್ನು ಬರಿದು ಮಾಡಿ ನೋಡಲಾಗದು. ಅದರ ಉತ್ತರವೂ ಬಹುಮಟ್ಟಿಗೆ ಪಾಸು ಅಥವಾ ಫೇಲು, ಇಳಿಜಾರನ್ನು ಅದು ಹೇಳುವುದಿಲ್ಲ.

ಇನ್ನೊಂದು ಮಾತು ಇದಕ್ಕಿಂತ ಗಟ್ಟಿಯಾದದ್ದು: ಚೆನ್ನಾಗಿರುವುದನ್ನು ಮುಟ್ಟಿ ಕೆಡಿಸಬೇಡಿ. ಇದು ಬರೀ ಸೋಮಾರಿಯ ನೆಪವಲ್ಲ. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಕರಾವಳಿ ಕಾವಲು ವಿಮಾನಗಳ ಲೆಕ್ಕ ನೋಡಿದ ಜೀವವಿಜ್ಞಾನಿ ಸಿ.ಎಚ್. ವ್ಯಾಡಿಂಗ್ಟನ್ ಮತ್ತು ಸಂಗಡಿಗರು, ನಿಗದಿತ ತಪಾಸಣೆ ಆದ ಕೂಡಲೇ ವಿಮಾನಗಳ ಕೆಡುವಿಕೆ ಹೆಚ್ಚುತ್ತದೆ ಎಂಬುದನ್ನು ಕಂಡರು. ಬಿಚ್ಚಿ ಜೋಡಿಸುವುದೇ ಹೊಸ ದೋಷ ತರುತ್ತಿತ್ತು. 1978ರಲ್ಲಿ ಅಮೆರಿಕದ ಯುನೈಟೆಡ್ ಏರ್‌ಲೈನ್ಸಿನ ನೌಲನ್ ಮತ್ತು ಹೀಪ್ ಬರೆದ ವರದಿಯಲ್ಲಿ, ವಿಮಾನದ ಭಾಗಗಳಲ್ಲಿ ವಯಸ್ಸಾದಂತೆ ಹೆಚ್ಚು ಕೆಡುವ ಗುಣವಿದ್ದದ್ದು ಶೇಕಡ 11ಕ್ಕೆ ಮಾತ್ರ. ಉಳಿದ 89ಕ್ಕೆ ಇಂತಿಷ್ಟು ಗಂಟೆಗೊಮ್ಮೆ ಬಿಚ್ಚಿ ಹೊಸದು ಮಾಡುವುದರಿಂದ ಪ್ರಯೋಜನವಿರಲಿಲ್ಲ. ಈ ಎರಡೂ ಫಲಿತಾಂಶಗಳನ್ನು ನಾನು ಒಪ್ಪುತ್ತೇನೆ, ನನ್ನ ವಾದಕ್ಕೆ ಅವು ಎದುರಲ್ಲ, ಬೆಂಬಲ. ಪ್ಲಗ್ ಕಿತ್ತು ಗಡಿಯಾರ ನೋಡುವುದಕ್ಕೆ ಒಂದು ಮೊಳೆಯನ್ನೂ ಬಿಚ್ಚಬೇಕಿಲ್ಲ. ಅಳೆದು ಬರೆಯುವುದೇ ಬೇರೆ, ತಾರೀಖು ಬಂತೆಂದು ಬಿಚ್ಚಿ ಒರೆಸಿ ಮುಚ್ಚುವುದೇ ಬೇರೆ. ನಿಜವಾಗಿ ಸವೆಯುವ ಆ ಸ್ವಲ್ಪ ಭಾಗಗಳು, ಬ್ಯಾಟರಿ, ಕೋಶ, ಫಿಲ್ಟರ್, ಯಾವುವೆಂದು ನಮಗೆ ಗೊತ್ತಿದೆ. ಅವುಗಳನ್ನು ಅಂಕಿ ನೋಡಿ ಬದಲಿಸುವುದು, ಉಳಿದದ್ದನ್ನು ಸುಮ್ಮನೆ ಬಿಡುವುದು.

ಆಳಿಲ್ಲ, ಹೊತ್ತಿಲ್ಲ ಎಂಬುದು ಮೂರನೆಯ ಮಾತು, ಜಿಲ್ಲಾ ಆಸ್ಪತ್ರೆಯಲ್ಲಿ ಅದು ನಿಜವೂ ಹೌದು. ಹಾಗಾದರೆ ಲೆಕ್ಕ ಹಾಕೋಣ. ಹತ್ತು ವೆಂಟಿಲೇಟರ್, ಇಪ್ಪತ್ತು ಪಂಪು, ವರ್ಷಕ್ಕೆರಡು ಸಲ. ವಾರಕ್ಕೊಂದು ವೆಂಟಿಲೇಟರಿನಂತೆ ಇಪ್ಪತ್ತು ವಾರ, ವಾರಕ್ಕೆರಡು ಪಂಪಿನಂತೆ ಇನ್ನಿಪ್ಪತ್ತು ವಾರ. ವರ್ಷದಲ್ಲಿ ಇನ್ನೂ ಹನ್ನೆರಡು ವಾರ ಕೈಯಲ್ಲಿ ಉಳಿಯುತ್ತದೆ. ಬ್ಯಾಟರಿ ಪರೀಕ್ಷೆಗೆ ಮೂರು ಗಂಟೆ ಹಿಡಿದರೂ ಆಳು ನಿಲ್ಲಬೇಕಾದ್ದು ಮೊದಲ ಹತ್ತು ನಿಮಿಷ ಮತ್ತು ಕೊನೆಯ ಹತ್ತು ನಿಮಿಷ. ನಿಜವಾದ ಕಷ್ಟ ಬೇರೆ: ಹತ್ತೂ ಯಂತ್ರಗಳು ರೋಗಿಗಳ ಮೇಲಿರುವ ವಾರ. ಆ ವಾರ ಪರೀಕ್ಷೆ ಆಗುವುದಿಲ್ಲ. ‘ಆಗಲಿಲ್ಲ, ಯಂತ್ರ ಬಿಡುವಿಲ್ಲ’ ಎಂದು ಬರೆದಿಡಬೇಕು. ಖಾಲಿ ಬಿಟ್ಟ ಸಾಲಿಗಿಂತಲೂ, ಹಿಂದಿನ ಸಲದ ಅಂಕಿಯನ್ನು ನೋಡಿ ಬರೆದ ಸಾಲಿಗಿಂತಲೂ ಅದು ಮೇಲು. ಒಂದೇ ಯಂತ್ರದ ಬ್ಯಾಟರಿ ಸತತ ನಾಲ್ಕು ಸಲ ಸರಿಯಾಗಿ 180 ನಿಮಿಷ ಬಂದಿದ್ದರೆ, ನಾಲ್ಕೂ ಸಾಲು ಒಂದೇ ಪೆನ್ನಿನಲ್ಲಿದ್ದರೆ, ಅಳೆದದ್ದು ಯಂತ್ರವನ್ನಲ್ಲ ಎಂದು ಓದುವವನಿಗೆ ತಿಳಿಯುತ್ತದೆ.

ಪುಸ್ತಕಕ್ಕೆ ಸಿಗದ್ದು

ಪುಸ್ತಕದ ಮಿತಿಯನ್ನೂ ಹೇಳಬೇಕು. ಆರು ತಿಂಗಳಿಗೊಮ್ಮೆ ಪರೀಕ್ಷಿಸಿದರೆ ಅಡಗಿದ ದೋಷವೊಂದು ಸರಾಸರಿ ಮೂರು ತಿಂಗಳು ಅಡಗಿಯೇ ಇರುತ್ತದೆ. ಮೂರು ತಿಂಗಳಿಗೊಮ್ಮೆ ನೋಡಿದರೆ ಒಂದೂವರೆ ತಿಂಗಳು. ಇಳಿಜಾರು ತೋರಿಸುತ್ತಾ ಬರುವ ದೋಷವನ್ನು ಅಂಕಿ ಮೊದಲೇ ಹಿಡಿಯುತ್ತದೆ, ಆದರೆ ಮದರ್‌ಬೋರ್ಡಿನ ಒಂದು ಚಿಪ್ಪು ಸುಟ್ಟುಹೋಗುವುದಕ್ಕೆ ಇಳಿಜಾರಿಲ್ಲ. ನಿನ್ನೆ ಸರಿ, ಇಂದು ಇಲ್ಲ. ಅದಕ್ಕೆ ಯಾವ ಲಾಗ್ ಬುಕ್ಕೂ ಉತ್ತರವಲ್ಲ, ಉತ್ತರ ಪ್ರತಿ ವೆಂಟಿಲೇಟರಿನ ಪಕ್ಕದ ಕೊಕ್ಕೆಗೆ ತೂಗುಹಾಕಿದ, ಕೈಯಲ್ಲಿ ಹಿಸುಕುವ ಆಂಬು ಚೀಲ. ಯಂತ್ರ ನಿಂತರೆ ನರ್ಸ್ ಅದನ್ನು ರೋಗಿಯ ನಳಿಕೆಗೆ ಸಿಕ್ಕಿಸಿ, ಇನ್ನೊಂದು ಯಂತ್ರ ಬರುವವರೆಗೆ ಹಿಸುಕುತ್ತಾ ಉಸಿರು ಕೊಡುತ್ತಾರೆ. ಅದೂ ಸ್ಟೆಪ್ನಿಯ ಜಾತಿಯದೇ. ರಬ್ಬರು ಬಿರುಕು ಬಿಡುತ್ತದೆ, ತೊಳೆದು ಜೋಡಿಸುವಾಗ ಕವಾಟದ ಎಲೆ ತಿರುವುಮುರುವಾಗುತ್ತದೆ. ಅಂಗೈಯಿಂದ ಅದರ ಬಾಯಿ ಒತ್ತಿ ಮುಚ್ಚಿ ಹಿಸುಕಿದರೆ ಚೀಲ ಮಣಿಯಬಾರದು. ಮಣಿದರೆ ಎಲ್ಲೋ ಸೋರುತ್ತಿದೆ. ಇದಕ್ಕೆ ಹಿಡಿಯುವುದು ಐದು ಸೆಕೆಂಡು, ವೆಂಟಿಲೇಟರಿನ ಪುಟದ ಕೊನೆಯ ಸಾಲು ಇದಕ್ಕೆ ಮೀಸಲು.